ಬೀಳದೇ ಬಿದ್ದ ಏಪ್ರಿಲ್

2024ರ ಏಪ್ರಿಲ್‌ನಲ್ಲಿ ನಮ್ಮ ಹೋಟೆಲಿನ ವ್ಯಾಪಾರ ಬಿದ್ದಿರಲಿಲ್ಲ. ಬಿದ್ದಿದೆ ಎಂದು ಲೆಕ್ಕ ತೋರಿಸಿದವನು ನಾನು. ಆ ಲೆಕ್ಕವನ್ನು ನಂಬಿ ಒಬ್ಬ ದೋಸೆ ಮಾಸ್ಟರನ್ನು ಊರಿಗೆ ಕಳಿಸಿದವನೂ ನಾನೇ. ಮಾರ್ಚ್ ಮುಗಿದಾಗ ವ್ಯಾಪಾರ ಏರುತ್ತಿದೆ ಎಂದು ಹೇಳಿ ಅದೇ ಮಾಸ್ಟರನ್ನು ಕರೆತಂದದ್ದೂ ನನ್ನದೇ ಲೆಕ್ಕ. ಆಗ ವ್ಯಾಪಾರ ಏರಿರಲೂ ಇಲ್ಲ.

ಹೊಸೂರಿನಿಂದ ಕೃಷ್ಣಗಿರಿ ಕಡೆಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಶೂಳಗಿರಿಗೆ ಸ್ವಲ್ಪ ಮೊದಲು, ನಮ್ಮದೊಂದು ಸಸ್ಯಾಹಾರಿ ಹೋಟೆಲ್. ಗಲ್ಲಾ ಮತ್ತು ಅಡುಗೆಮನೆ ಭಾವನದು, ಲೆಕ್ಕಪತ್ರ ನನ್ನದು. ಸೋಮವಾರದಿಂದ ಶುಕ್ರವಾರದವರೆಗೆ ಲಾರಿ ಡ್ರೈವರುಗಳು, ಕಾರ್ಖಾನೆಗೆ ಸರಕು ತಂದು ವಾಪಸಾಗುವವರು, ಸುತ್ತಲಿನ ಊರಿನವರು ಬರುತ್ತಾರೆ. ಶನಿವಾರ, ಭಾನುವಾರ ಅದೇ ಹೋಟೆಲ್ ಬೇರೆಯೇ ಆಗುತ್ತದೆ. ಬೆಂಗಳೂರಿನ ಕಾರುಗಳು ಏರ್ಕಾಡಿಗೋ ಯಲಗಿರಿಗೋ ತಿರುವಣ್ಣಾಮಲೈಗೋ ಹೊರಟು ಬೆಳಗಿನ ಏಳಕ್ಕೇ ಬಂದು ನಿಲ್ಲುತ್ತವೆ. ಒಂದು ಕಾರಿನಲ್ಲಿ ಐದು ಜನ, ಐದು ಜನಕ್ಕೂ ತುಪ್ಪದ ದೋಸೆ, ಮೇಲೆ ಕಾಫಿ. ಲಾರಿಯವರು ಇಬ್ಬರು, ಎರಡು ಪ್ಲೇಟ್ ಇಡ್ಲಿ. ಈ ವ್ಯತ್ಯಾಸ ನಮ್ಮ ತಟ್ಟೆ ತೊಳೆಯುವ ಹುಡುಗನಿಗೂ ಗೊತ್ತು. ನನ್ನ ಲೆಕ್ಕದ ಹಾಳೆಗೆ ಮಾತ್ರ ಗೊತ್ತಿರಲಿಲ್ಲ.

ನಾನು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದೇ. ಈ ತಿಂಗಳ ಒಟ್ಟು ಕಲೆಕ್ಷನ್ ಎಷ್ಟು, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು, ಶೇಕಡಾ ಎಷ್ಟು ಹೆಚ್ಚು ಕಡಿಮೆ ಎಂದು ನೋಡುವುದು. ಜನವರಿಯನ್ನು ಡಿಸೆಂಬರ್ ಜೊತೆ ಹೋಲಿಸಿದರೆ ಹಬ್ಬ, ಚಳಿ, ಶಾಲೆಯ ರಜೆ ಎಲ್ಲ ಅಡ್ಡ ಬರುತ್ತವೆ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದರೆ ಅವೆಲ್ಲ ತಾವಾಗಿ ಕಳೆದುಹೋಗುತ್ತವೆ ಎಂಬುದು ನನ್ನ ನಂಬಿಕೆ. ಬಹುಮಟ್ಟಿಗೆ ಅದು ನಿಜವೂ ಹೌದು. ಫೆಬ್ರವರಿಯಲ್ಲಿ ಶೇ. 3 ಏರಿಕೆ ಬಂತು, ಮಾರ್ಚಿಯಲ್ಲಿ ಶೇ. 4ರ ಹತ್ತಿರ. ಎರಡು ತಿಂಗಳು ಸತತ ಏರಿಕೆ, ಅದೂ ಏರುಗತಿಯಲ್ಲಿ ಏರಿಕೆ! ಬೇಸಿಗೆ ರಜೆ ಬೇರೆ ಎದುರಿಗಿತ್ತು. ಧರ್ಮಪುರಿ ಕಡೆಯಿಂದ ಎರಡನೇ ದೋಸೆ ಮಾಸ್ಟರ್ ಬಂದರು, ಎರಡನೇ ಕಾವಲಿ ಬಂತು, ಹಿಟ್ಟಿಗೆ ದೊಡ್ಡ ಗ್ರೈಂಡರ್ ಬಂತು.

ಏಪ್ರಿಲ್ ಮುಗಿದಾಗ ಹಾಳೆಯಲ್ಲಿ ಇಳಿಕೆ ಕಂಡಿತು. ಇಳಿದದ್ದು ಹೆಚ್ಚೇನಲ್ಲ, ಆದರೆ ಏರುತ್ತಿದ್ದದ್ದು ಸರಕ್ಕನೆ ಇಳಿದರೆ ಮನಸ್ಸು ಅದನ್ನು ದುಪ್ಪಟ್ಟಾಗಿ ಓದುತ್ತದೆ. ಕಾರಣಗಳಿಗೇನೂ ಬರವಿರಲಿಲ್ಲ. ಮಾರ್ಚ್ 16ರಿಂದ ಚುನಾವಣಾ ನೀತಿಸಂಹಿತೆ ಜಾರಿಯಲ್ಲಿತ್ತು. ತಮಿಳುನಾಡಿನ ಮತದಾನ ಏಪ್ರಿಲ್ 19ಕ್ಕೆ, ಬೆಂಗಳೂರಿನದು 26ಕ್ಕೆ. 50,000 ರೂಪಾಯಿಗಿಂತ ಹೆಚ್ಚು ನಗದಿಗೆ ದಾಖಲೆ ಕೇಳುವ ತಪಾಸಣೆ ಗಡಿಯಲ್ಲಿ ನಡೆಯುತ್ತಿತ್ತು. "ಎಲೆಕ್ಷನ್ ಚೆಕಿಂಗ್ ಕಣೋ, ಯಾರೂ ಗಾಡಿ ತೆಗೀತಾ ಇಲ್ಲ" ಅಂದರು ಭಾವ. ಬಿಸಿಲೂ ಇತ್ತು. ನಾನು ಎರಡನ್ನೂ ಒಪ್ಪಿಕೊಂಡು, ಚುನಾವಣೆ ಮುಗಿದರೂ ಬಿಸಿಲು ಮುಗಿಯುವುದಿಲ್ಲ ಎಂಬ ತರ್ಕವನ್ನೂ ಸೇರಿಸಿ, ಮೇ ಮೊದಲ ವಾರದಲ್ಲಿ ಮಾಸ್ಟರ ಲೆಕ್ಕ ಚುಕ್ತಾ ಮಾಡಿದೆ. ಅವರು ಒಂದು ಮಾತೂ ಆಡಲಿಲ್ಲ. ಶನಿವಾರದ ಬೆಳಗ್ಗೆ ಕಾವಲಿ ಮುಂದೆ ನಿಲ್ಲುವವರಿಗೆ ವ್ಯಾಪಾರ ಬಿದ್ದಿಲ್ಲವೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಲೆಕ್ಕದ ಗಂಟು ಬಿಚ್ಚಿದ್ದು ಹೊಸೂರಿನ ಸಿಪ್‌ಕಾಟ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಗೆಳೆಯ. ತಿಂಗಳಿಗೆ ಎಷ್ಟು ಪೀಸ್ ಹೋಗಬೇಕು ಎಂದು ಯೋಜನೆ ಹಾಕುವುದು ಅವನ ಕೆಲಸ. ನನ್ನ ಗೋಳು ಕೇಳಿ, "ವರ್ಕಿಂಗ್ ಡೇಸ್ ಎಷ್ಟು ಹಿಡಿದಿದ್ದೀಯ?" ಅಂದ.

"ಹೋಟೆಲ್‌ಗೆ ಎಲ್ಲಿಯ ರಜೆ ಮಾರಾಯ? ದಿನಾ ತೆಗೀತೀವಿ."

"ರಜೆ ಇಲ್ಲ ಅಂದರೆ ದಿನ ಎಲ್ಲ ಒಂದೇನಾ? ಹೋದ ವರ್ಷದ ಏಪ್ರಿಲ್‌ನಲ್ಲಿ ಎಷ್ಟು ಭಾನುವಾರ ಇತ್ತು ನೋಡು."

ಗೋಡೆಯ ಕ್ಯಾಲೆಂಡರ್ ಆ ವರ್ಷದ್ದು, ಅದರಲ್ಲಿ ನಾಲ್ಕು. ಫೋನಿನಲ್ಲಿ 2023 ತೆಗೆದು ನೋಡಿದೆ, ಐದು. ಶನಿವಾರವೂ ಐದು.

ಆ ರಾತ್ರಿ ಮಾಡಿದ ಲೆಕ್ಕವನ್ನು ಇಲ್ಲಿ ಅಂಕಿಗಳನ್ನು ದುಂಡಗೆ ಮಾಡಿ ಕೊಡುತ್ತೇನೆ. ವಾರದ ಐದು ದಿನ ದಿನಕ್ಕೆ 60,000 ರೂಪಾಯಿ, ಶನಿವಾರ ಮತ್ತು ಭಾನುವಾರ ತಲಾ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಎರಡೂ ವರ್ಷ ದಿನದ ಗಲ್ಲಾ ಇಷ್ಟೇ, ಒಂದು ರೂಪಾಯಿಯೂ ಏರಿಲ್ಲ, ಇಳಿದಿಲ್ಲ. 2023ರ ಫೆಬ್ರವರಿಯಲ್ಲಿ 20 ಸಾಧಾರಣ ದಿನ, 8 ವಾರಾಂತ್ಯದ ದಿನ, ಒಟ್ಟು 20 ಲಕ್ಷ. 2024ರ ಫೆಬ್ರವರಿಗೆ 29ನೇ ತಾರೀಖು ಸೇರಿತು. ಅದು ಗುರುವಾರ, ಹಾಗಾಗಿ 20.6 ಲಕ್ಷ. ಶೇ. 3 ಏರಿಕೆ ಅಂದರೆ ಇದೇ. ಅಧಿಕ ದಿನ ಒಂದು ಗುರುವಾರದ ಗಲ್ಲಾ ತಂದುಕೊಟ್ಟಿತ್ತು, ಅಷ್ಟೇ. ಮಾರ್ಚ್ 2023ರಲ್ಲಿ ವಾರಾಂತ್ಯದ ದಿನ 8, ಉಳಿದವು 23, ಒಟ್ಟು 21.8 ಲಕ್ಷ. ಮಾರ್ಚ್ 2024ರಲ್ಲಿ ವಾರಾಂತ್ಯದ್ದು 10, ಉಳಿದವು 21, ಒಟ್ಟು 22.6 ಲಕ್ಷ. ಶೇ. 3.7 ಏರಿಕೆ. ಏಪ್ರಿಲ್ 2023ರಲ್ಲಿ 10 ಮತ್ತು 20, ಒಟ್ಟು 22 ಲಕ್ಷ. ಏಪ್ರಿಲ್ 2024ರಲ್ಲಿ 8 ಮತ್ತು 22, ಒಟ್ಟು 21.2 ಲಕ್ಷ. ಶೇ. 3.6 ಇಳಿಕೆ.

ಮೂರು ತಿಂಗಳು, ಮೂರು ಬದಲಾವಣೆ, ಆದರೆ ವ್ಯಾಪಾರ ಕದಲಿಯೇ ಇಲ್ಲ. ಮಾಸ್ಟರನ್ನು ಕರೆತಂದದ್ದೂ ಕಳಿಸಿದ್ದೂ ಕ್ಯಾಲೆಂಡರ್.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 365 ಅಂದರೆ 52 ವಾರ ಮತ್ತು ಒಂದು ದಿನ. ಹಾಗಾಗಿ ಒಂದು ತಾರೀಖು ಪ್ರತಿ ವರ್ಷ ವಾರದಲ್ಲಿ ಒಂದು ದಿನ ಮುಂದಕ್ಕೆ ಜರಗುತ್ತದೆ, ಸೋಮವಾರ ಇದ್ದದ್ದು ಮಂಗಳವಾರವಾಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ ಜರಗುತ್ತದೆ. 2023ರ ಏಪ್ರಿಲ್ 1 ಶನಿವಾರ, 2024ರದ್ದು ಸೋಮವಾರ. ನಡುವಿನ ಭಾನುವಾರವನ್ನು ಹಾರಿಬಿಟ್ಟಿತು. ಅಧಿಕ ದಿನದ ಪ್ರಭಾವ ಫೆಬ್ರವರಿಯಲ್ಲೇ ಮುಗಿಯಿತು ಎಂದುಕೊಂಡರೆ ತಪ್ಪು. ಆ ಮಾರ್ಚಿಯಿಂದ ಮುಂದಿನ ಫೆಬ್ರವರಿಯ ಕೊನೆಯವರೆಗೆ ಹಿಂದಿನ ವರ್ಷದ ಜೊತೆ ಮಾಡುವ ಎಲ್ಲ ಹೋಲಿಕೆಯಲ್ಲೂ ಈ ಎರಡು ದಿನದ ಜರಗು ಇರುತ್ತದೆ.

ಎಲ್ಲ ತೊಂದರೆಯೂ ಇರುವುದು ತಿಂಗಳ ಬಾಲದಲ್ಲಿ. ಯಾವ ತಿಂಗಳಾದರೂ ಮೊದಲ 28 ದಿನದಲ್ಲಿ ಪ್ರತಿ ವಾರವೂ ಸರಿಯಾಗಿ ನಾಲ್ಕು ಸಲ ಬರುತ್ತದೆ, ನಾಲ್ಕು ಸೋಮವಾರ, ನಾಲ್ಕು ಶನಿವಾರ. ಐದನೆಯದು ಯಾವುದೆಂದು ತೀರ್ಮಾನಿಸುವುದು 29, 30, 31 ಮಾತ್ರ. 2023ರ ಮಾರ್ಚಿಯಲ್ಲಿ ಆ ಮೂರು ದಿನ ಬುಧ, ಗುರು, ಶುಕ್ರ. 2024ರಲ್ಲಿ ಶುಕ್ರ, ಶನಿ, ಭಾನು. ಏಪ್ರಿಲ್‌ನ 29, 30 ಒಂದು ವರ್ಷ ಶನಿ, ಭಾನು, ಮರುವರ್ಷ ಸೋಮ, ಮಂಗಳ. ಇಡೀ ತಿಂಗಳನ್ನು ಎಣಿಸಬೇಕಿಲ್ಲ. ಎರಡೂ ವರ್ಷದ ಕ್ಯಾಲೆಂಡರ್ ಪಕ್ಕದಲ್ಲಿಟ್ಟು 29, 30, 31 ಯಾವ ವಾರ ಎಂದು ನೋಡಿದರೆ, ಗಲ್ಲಾ ಎಣಿಸುವ ಮೊದಲೇ ಹೋಲಿಕೆ ಯಾವ ಕಡೆ ವಾಲುತ್ತದೆ ಎಂದು ಹೇಳಬಹುದು.

ಅದನ್ನು ಕೇಳಿದ ಗೆಳೆಯ ನಕ್ಕ. ಅವನ ಕಾರ್ಖಾನೆಗೆ ಭಾನುವಾರ ರಜೆ, ಹಾಗಾಗಿ ನನಗೆ ಹಿಗ್ಗು ತಂದ ಮಾರ್ಚ್ ಅವನಿಗೆ ಕುಗ್ಗು. 2023ರ ಮಾರ್ಚಿಯಲ್ಲಿ ಭಾನುವಾರ ಕಳೆದು 27 ದಿನ ಕೆಲಸ, 2024ರಲ್ಲಿ 26. ನಾನು ಅಳುತ್ತಿದ್ದ ಏಪ್ರಿಲ್‌ನಲ್ಲಿ ಅವನಿಗೆ 25ರ ಬದಲು 26. ಒಂದೇ ಜಿಲ್ಲೆ, ಒಂದೇ ರಸ್ತೆ, ಅದೇ ಎರಡು ತಿಂಗಳು. ಯಾರಾದರೂ ನಮ್ಮಿಬ್ಬರ ಹಾಳೆಗಳನ್ನು ನೋಡಿ ಕೃಷ್ಣಗಿರಿ ಜಿಲ್ಲೆಯ ಆರ್ಥಿಕತೆಯ ಬಗ್ಗೆ ಲೇಖನ ಬರೆದಿದ್ದರೆ, ಉದ್ಯಮ ಕುಸಿದಾಗ ಹೋಟೆಲುಗಳು ತುಂಬುತ್ತವೆ ಎಂಬ ಸಿದ್ಧಾಂತ ಹುಟ್ಟಿರುತ್ತಿತ್ತು. ಅದಕ್ಕೇ ಅವನ ಕಾರ್ಖಾನೆಯಲ್ಲಿ ಯಾರೂ ಬರಿಯ ತಿಂಗಳ ಒಟ್ಟು ಹೇಳುವುದಿಲ್ಲ, ಕೆಲಸದ ದಿನಕ್ಕೆ ಎಷ್ಟು ಎಂದು ಹೇಳುತ್ತಾರೆ. ಹೋಟೆಲಿನವರಿಗೆ ಅಷ್ಟು ಸಾಲದು. ದಿನಗಳ ಸಂಖ್ಯೆಯಿಂದ ಭಾಗಿಸಿದರೆ ಫೆಬ್ರವರಿಯ 29 ಬಹುಮಟ್ಟಿಗೆ ಸರಿಹೋಗುತ್ತದೆ, ಮಾರ್ಚ್ ಸರಿಹೋಗುವುದಿಲ್ಲ, ಏಕೆಂದರೆ ಎರಡು ಮಾರ್ಚಿಯಲ್ಲೂ 31 ದಿನವೇ. ನಮ್ಮಲ್ಲಿ ದಿನದ ಎಣಿಕೆಗಿಂತ ದಿನದ ಜಾತಿ ಮುಖ್ಯ.

ಇದರಲ್ಲಿ ನನಗೆ ಇಂದಿಗೂ ಚುಚ್ಚುವುದು ಬೇರೆ. ತಪ್ಪು ನನ್ನ ಕಣ್ಣ ಮುಂದೆಯೇ ಇತ್ತು. ತಿಂಗಳ ಹಾಳೆಯ ಜೊತೆಗೆ ದಿನವಹಿ ಹಾಳೆಯೊಂದನ್ನೂ ಇಟ್ಟಿದ್ದೆ. ಅದರಲ್ಲಿ ಪ್ರತಿ ತಾರೀಖಿನ ಎದುರು ಹೋದ ವರ್ಷದ ಅದೇ ತಾರೀಖಿನ ಕಲೆಕ್ಷನ್ ತರಲು, ಆ ತಾರೀಖು ಹುಡುಕುವ ಸೂತ್ರವನ್ನು ಎಕ್ಸೆಲ್‌ನಲ್ಲಿ ಹಾಕಿದ್ದೆ:

```
=EDATE(A2,-12)
```

12 ತಿಂಗಳು ಹಿಂದಕ್ಕೆ ಹೋಗು ಎಂದು ಇದರ ಅರ್ಥ. 2024ರ ಫೆಬ್ರವರಿ 29ರಿಂದ 12 ತಿಂಗಳು ಹಿಂದಕ್ಕೆ ಹೋದರೆ 2023ರಲ್ಲಿ ಆ ತಾರೀಖೇ ಇಲ್ಲ. ಎಕ್ಸೆಲ್ ಸದ್ದಿಲ್ಲದೆ ಫೆಬ್ರವರಿ 28 ಕೊಟ್ಟಿತು. ಹಾಗಾಗಿ 2023ರ ಫೆಬ್ರವರಿ 28ರ ಮಂಗಳವಾರ ನನ್ನ ಹಾಳೆಯಲ್ಲಿ ಎರಡು ಸಲ ಕೂತಿತ್ತು, ಒಮ್ಮೆ 28ರ ಎದುರು, ಇನ್ನೊಮ್ಮೆ 29ರ ಎದುರು. ತಿಂಗಳ ಹಾಳೆ ಶೇ. 3 ಏರಿಕೆ ಎನ್ನುತ್ತಿತ್ತು, ದಿನವಹಿ ಹಾಳೆ ಏರಿಕೆಯೇ ಇಲ್ಲ ಎನ್ನುತ್ತಿತ್ತು. ಎರಡೂ ತಾಳೆಯಾಗಲಿಲ್ಲ. ನಾನು ಹುಡುಕಿ ಎರಡನೇ 28ನ್ನು ಕಂಡುಹಿಡಿದು, ಸೂತ್ರದ ದೋಷ ಎಂದು ಅಳಿಸಿ, ತಾಳೆ ಮಾಡಿ, ಕೆಲಸ ಚೊಕ್ಕವಾಯಿತೆಂದು ಮಲಗಿದೆ. ಅಳಿಸಿದ್ದು ಸೂತ್ರದ ದೋಷವನ್ನೇ, ನಿಜ. ಆದರೆ ಯಾವ ಹೋಲಿಕೆಗೂ ಜೊತೆಗಾರನಿಲ್ಲದ ದಿನವೊಂದು ತಿಂಗಳಲ್ಲಿದೆ ಎಂದು ಆ ದೋಷ ಹೇಳುತ್ತಿತ್ತು.

ಮಾರ್ಚಿಯ ದಿನವಹಿ ಹಾಳೆ ಇನ್ನೂ ಜೋರಾಗಿ ಕೂಗುತ್ತಿತ್ತು. ಪ್ರತಿ ವಾರವೂ ಎರಡು ದಿನ ಮೂರನೇ ಎರಡು ಭಾಗದಷ್ಟು ಏರಿಕೆ, ಮರು ಎರಡು ದಿನ ಶೇ. 40 ಇಳಿಕೆ, ಉಳಿದ ಮೂರು ದಿನ ಸೊನ್ನೆ. ಈ ವರ್ಷದ ಶನಿವಾರ ಹೋದ ವರ್ಷದ ಗುರುವಾರದ ಎದುರು, ಈ ವರ್ಷದ ಸೋಮವಾರ ಹೋದ ವರ್ಷದ ಶನಿವಾರದ ಎದುರು ಕೂತರೆ ಹಾಗೆಯೇ ಆಗಬೇಕು. ಗರಗಸದ ಹಲ್ಲಿನಂತೆ ಏಳು ದಿನಕ್ಕೊಮ್ಮೆ ಮರುಕಳಿಸುವ ಏರಿಳಿತ ಹೋಲಿಕೆಯಲ್ಲಿ ಕಂಡರೆ, ವಾರಗಳು ತಪ್ಪಿ ಕೂತಿವೆ ಎಂದೇ ಅರ್ಥ. ಗಿರಾಕಿಗಳು ಹಾಗೆ ವರ್ತಿಸುವುದಿಲ್ಲ.

ಈಗ ಆ ಸೂತ್ರದ ಜಾಗದಲ್ಲಿ ಇದಿದೆ:

```
=A2-364
```

364 ಅಂದರೆ ಸರಿಯಾಗಿ 52 ವಾರ. ಶನಿವಾರದ ಎದುರು ಶನಿವಾರವೇ ಬರುತ್ತದೆ. ಫೆಬ್ರವರಿ 29ಕ್ಕೂ ಜೊತೆ ಸಿಗುತ್ತದೆ: 2023ರ ಮಾರ್ಚ್ 2, ಗುರುವಾರ. ಒಂದು ತಿಂಗಳಲ್ಲಿ ಶನಿವಾರ, ಭಾನುವಾರ ಒಟ್ಟು ಎಷ್ಟು ಎಂದು ಎಣಿಸಲು ಇನ್ನೊಂದು ಸೂತ್ರವಿದೆ:

```
=NETWORKDAYS.INTL(DATE(2024,4,1),DATE(2024,4,30),"1111100")
```

ಏಳು ಅಂಕೆಗಳು ಸೋಮವಾರದಿಂದ ಭಾನುವಾರದವರೆಗೆ. 1 ಇದ್ದ ದಿನವನ್ನು ಎಕ್ಸೆಲ್ ರಜೆ ಎಂದು ಬಿಟ್ಟು, 0 ಇದ್ದ ದಿನವನ್ನು ಎಣಿಸುತ್ತದೆ. ಈ ಸೂತ್ರಕ್ಕೆ ಉತ್ತರ 8. ಇಸವಿ 2023 ಮಾಡಿದರೆ 10. ಕಾರ್ಖಾನೆಯವರಿಗಾಗಿ ಮಾಡಿದ ಸೂತ್ರವನ್ನು ತಿರುಗಿಸಿ ಹಾಕಿ ಹೋಟೆಲಿಗೆ ಬಳಸುವುದರಲ್ಲಿ ನನಗೊಂದು ಸಣ್ಣ ಖುಷಿಯಿದೆ.

ಆದರೆ 364 ಎಲ್ಲವನ್ನೂ ಸರಿಮಾಡುತ್ತದೆ ಎಂದು ನಂಬಿ ನಾನು ಮತ್ತೊಮ್ಮೆ ಎಡವುವವನಿದ್ದೆ. ಹೊಸ ಹಾಳೆಯಲ್ಲೂ ಏಪ್ರಿಲ್ 2024 ಸ್ವಲ್ಪ ಇಳಿದೇ ಕಾಣುತ್ತಿತ್ತು. ಕಾರಣ ಹಬ್ಬಗಳು. 2023ರಲ್ಲಿ ಗುಡ್ ಫ್ರೈಡೇ ಏಪ್ರಿಲ್ 7ಕ್ಕೆ ಬಂದಿತ್ತು, 2024ರಲ್ಲಿ ಅದು ಮಾರ್ಚ್ 29ಕ್ಕೆ ಓಡಿತು. ಏಪ್ರಿಲ್ 14ರ ತಮಿಳು ಹೊಸ ವರ್ಷ ಮತ್ತು ಅಂಬೇಡ್ಕರ್ ಜಯಂತಿ 2023ರಲ್ಲಿ ಶುಕ್ರವಾರ, 2024ರಲ್ಲಿ ಭಾನುವಾರ. ಅಂದರೆ ಹಿಂದಿನ ಏಪ್ರಿಲ್‌ನಲ್ಲಿ ಬೆಂಗಳೂರಿನವರಿಗೆ ಎರಡು ಸಲ ಸಾಲು ಮೂರು ದಿನ ರಜೆ ಸಿಕ್ಕಿತ್ತು. ಇತ್ತ ನಮ್ಮ ಯುಗಾದಿ 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಮುಂದಿನ ಯುಗಾದಿ ತಡವಾಗಿ ಬಂತು. ತಾರೀಖಿಗೆ ಅಂಟಿಕೊಂಡ ಹಬ್ಬ, ತಿಥಿಗೆ ಅಂಟಿಕೊಂಡ ಹಬ್ಬ, ಈಸ್ಟರ್ ಜೊತೆ ಓಡಾಡುವ ಶುಕ್ರವಾರ ಎಲ್ಲವೂ ನಮ್ಮ ಒಂದೇ ಗಲ್ಲಾಕ್ಕೆ ಬಂದು ಬೀಳುತ್ತವೆ. ಹೊಸೂರಿನಲ್ಲಿ ತಮಿಳು ವರ್ಷದ ರಜೆಯೂ ಉಂಟು, ಕನ್ನಡ-ತೆಲುಗು ಮನೆಗಳ ಯುಗಾದಿಯೂ ಉಂಟು. ಇವುಗಳಿಗೆ ಸೂತ್ರವಿಲ್ಲ. ಹಾಳೆಯಲ್ಲಿ ಒಂದು ಅಂಕಣ ಬಿಟ್ಟು ಕೈಯಿಂದ ಬರೆಯುತ್ತೇನೆ: ಯಾವ ಹಬ್ಬ, ಸಾಲು ರಜೆ ಇತ್ತೇ, ತಿರುವಣ್ಣಾಮಲೈ ಗಿರಿವಲದ ಹುಣ್ಣಿಮೆಯೇ, ಮತದಾನವೇ. ಹಬ್ಬಕ್ಕೆ ಹಬ್ಬವನ್ನೇ ಎದುರು ಕೂರಿಸಿ ಹೋಲಿಸುತ್ತೇನೆ.

ಭಾವನಿಗೆ ಇಷ್ಟೆಲ್ಲ ಬೇಡ. ಅವರಿಗೆ ಹೇಳಿಕೊಟ್ಟದ್ದು ಒಂದೇ: ಎರಡೂ ವರ್ಷದ ತಿಂಗಳನ್ನು 28ಕ್ಕೆ ನಿಲ್ಲಿಸಿ ಕೂಡಿ. ಬಾಲ ಕತ್ತರಿಸಿದರೆ ಅದರಲ್ಲಿ ನಡೆದದ್ದೂ ಕಾಣೆಯಾಗುತ್ತದೆ ಎಂಬ ಕೊರತೆ ಇದರಲ್ಲಿದೆ. 2024ರ ಗುಡ್ ಫ್ರೈಡೇ ವಾರಾಂತ್ಯ ಪೂರ್ತಿ ಮಾರ್ಚಿಯ ಕೊನೆಯ ಮೂರು ದಿನದಲ್ಲೇ ಇತ್ತು. ಆದರೂ ಗಲ್ಲಾದಲ್ಲಿ ಕೂತವರು ಪೆನ್ನು, ಚೀಟಿಯಲ್ಲಿ ಮಾಡಬಹುದಾದ ಲೆಕ್ಕಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಕ್ಯಾಲೆಂಡರಿನ ಧೂಳು ಕೊಡವಿದ ಮೇಲೆ ಕಂಡದ್ದು ಸಂತೋಷದ ವಿಷಯವಾಗಿರಲಿಲ್ಲ. ವ್ಯಾಪಾರ ಏರಿಲ್ಲ, ಇಳಿದಿಲ್ಲ ಅಂದೆನಲ್ಲ, ಅದು ರೂಪಾಯಿಯಲ್ಲಿ. ಆ ಜನವರಿಯಲ್ಲಿ ನಾವು ದರ ಏರಿಸಿದ್ದೆವು, ಸರಾಸರಿ ಶೇ. 5ರಷ್ಟು. ದರ ಏರಿದರೂ ಗಲ್ಲಾ ಅಷ್ಟೇ ಅಂದರೆ ತಟ್ಟೆಗಳು ಕಡಿಮೆಯಾಗಿವೆ. ಫೆಬ್ರವರಿ, ಮಾರ್ಚಿಗಳ ಸುಳ್ಳು ಏರಿಕೆ ಈ ನಿಜವಾದ ಇಳಿಕೆಯನ್ನು ಮುಚ್ಚಿತ್ತು. ಏಪ್ರಿಲ್‌ನಲ್ಲಿ ಇಳಿಕೆ ಕಂಡಾಗ ನಾನು ಅದಕ್ಕೆ ಕೊಟ್ಟ ಕಾರಣವೂ ಸುಳ್ಳು.

ಬಿಲ್ ಯಂತ್ರದಿಂದ ಗಂಟೆಗಂಟೆಯ ತಟ್ಟೆಗಳ ಲೆಕ್ಕ ತೆಗೆಸಿದೆವು. ಶನಿವಾರ ಭಾನುವಾರ ಇಳಿಕೆ ಅಲ್ಪ. ಸೋಮವಾರದಿಂದ ಶುಕ್ರವಾರದ ರಾತ್ರಿ ಎಂಟರ ಮೇಲಿನ ಊಟ, ಪರೋಟ ಚೆನ್ನಾಗಿಯೇ ಇಳಿದಿತ್ತು. ಆ ಹೊತ್ತು ಲಾರಿಯವರದು. ಹಿಂದಿನ ದೀಪಾವಳಿ ಹೊತ್ತಿಗೆ ಬೆಂಗಳೂರಿನ ಕಾರುಗಳಿಗೆ ಚಂದ ಕಾಣಲೆಂದು ಮುಂದಿನ ಅಂಗಳಕ್ಕೆ ಸಿಮೆಂಟಿನ ಹೂಕುಂಡಗಳನ್ನು ಸಾಲಾಗಿ ಇಡಿಸಿದ್ದೆವು. ಕಾರುಗಳು ಅವುಗಳ ನಡುವೆ ನುಸುಳಿ ನಿಲ್ಲುತ್ತಿದ್ದವು. ಹನ್ನೆರಡು ಚಕ್ರದ ಲಾರಿ ನಿಲ್ಲಲು ಜಾಗವೇ ಉಳಿದಿರಲಿಲ್ಲ. ಕುಂಡಗಳನ್ನು ಹಿತ್ತಲಿಗೆ ಸಾಗಿಸಲು ಒಂದು ಬೆಳಗ್ಗೆ ಸಾಕಾಯಿತು, ಲಾರಿಗಳು ಮರಳಲು ಆ ವರ್ಷವೆಲ್ಲ ಹಿಡಿಯಿತು. ಮಾಸ್ಟರಿಗೆ ಫೋನ್ ಮಾಡಿದೆ. ಸೇಲಂ ಕಡೆ ಸೇರಿದ್ದರು, ಅಲ್ಲಿ ಸಂಬಳವೂ ಹೆಚ್ಚಿತ್ತು, ಬರಲಿಲ್ಲ.

2025ರ ಮಾರ್ಚ್ ಮೊದಲ ವಾರದಲ್ಲಿ ನಾನು ಊರಲ್ಲಿರಲಿಲ್ಲ. ಭಾವ ಫೋನ್ ಮಾಡಿದರು. ನಮ್ಮ ಲೆಕ್ಕ ಬರೆಯುವ ಹುಡುಗ ಫೆಬ್ರವರಿ ಹೋದ ವರ್ಷಕ್ಕಿಂತ ಇಳಿದಿದೆ ಎಂದು ಹೇಳಿದನಂತೆ.

"ಹೋದ ಸಲ 29 ಇತ್ತು, ಈ ಸಲ ಇಲ್ಲ, ಅಷ್ಟಕ್ಕೇ ಗಾಬರಿ ಬಿದ್ದಿದ್ದಾನೆ. ನಾನು 28ಕ್ಕೆ ನಿಲ್ಲಿಸಿ ಕೂಡಿದೆ ಕಣೋ. ಇಳಿದಿಲ್ಲ, ಸ್ವಲ್ಪ ಏರಿದೆ. ಲಾರಿಯವರು ವಾಪಸ್ ಬರ್ತಿದ್ದಾರೆ ನೋಡು."

"ಭಾವ, 26ನೇ ತಾರೀಖಿನ ಕಲೆಕ್ಷನ್ ಎಷ್ಟು ನೋಡಿ."

ಪುಟ ತಿರುವುವ ಸದ್ದು ಕೇಳಿತು. "ಬುಧವಾರ… ಅರೆ, ಭಾನುವಾರದಷ್ಟೇ ಇದೆಯಲ್ಲ."

"ಶಿವರಾತ್ರಿ. ಹೋದ ವರ್ಷ ಮಾರ್ಚ್ 8ಕ್ಕೆ ಬಂದಿತ್ತು. ಅದನ್ನ ತೆಗೆದು ಕೂಡಿ ನೋಡಿ."

"ತಡಿ," ಅಂದು ಅವರು ಕ್ಯಾಲ್ಕುಲೇಟರ್ ಹುಡುಕಲು ಹೋದರು.